ಸ್ಪೀಕರ್ ತಂತಿಯ ದಪ್ಪದ ಆಯ್ಕೆ

ಸ್ಪೀಕರ್ ತಂತಿಯ ದಪ್ಪದ ಆಯ್ಕೆ ಎಂದರೆ ಆಂಪ್ಲಿಫೈಯರ್ ಮತ್ತು ಸ್ಪೀಕರುಗಳ ನಡುವೆ ಎಳೆಯುವ ಜೋಡಿ ತಂತಿಯಲ್ಲಿ ಎಷ್ಟು ತಾಮ್ರವಿರಬೇಕು ಎಂಬುದನ್ನು ಲೆಕ್ಕ ಹಾಕಿ ನಿರ್ಧರಿಸುವುದು. ಎರಡು ಮೂರು ಮೀಟರ್ ಅಂತರದಲ್ಲಿ ಬಹುಮಟ್ಟಿಗೆ ಯಾವ ತಂತಿಯಾದರೂ ಸಾಕಾಗುತ್ತದೆ. ಆದರೆ ಸಭಾಂಗಣ, ಶಾಲೆ, ಪ್ರಾರ್ಥನಾ ಮಂದಿರ ಅಥವಾ ದೊಡ್ಡ ಮನೆಗಳಲ್ಲಿ ತಂತಿಯ ಹಾದಿ 15 ಮೀಟರನ್ನು ದಾಟಿದಾಗ ತಂತಿಯ ವಿದ್ಯುತ್ ರೋಧವು ಸ್ಪೀಕರಿನ ರೋಧದೊಡನೆ ಹೋಲಿಸಬಹುದಾದಷ್ಟು ದೊಡ್ಡದಾಗುತ್ತದೆ. ಆಗ ಧ್ವನಿಯ ಮಟ್ಟ ತಗ್ಗುವುದಲ್ಲದೆ ಅದರ ಗುಣವೂ ಬದಲಾಗುತ್ತದೆ. ಯಾವ ದಪ್ಪ ಸಾಕು ಎಂಬುದು ಮೂರು ಸಂಗತಿಗಳನ್ನು ಅವಲಂಬಿಸಿದೆ: ತಂತಿಯ ಹಾದಿಯ ಉದ್ದ, ಸ್ಪೀಕರಿನ ಇಂಪೀಡೆನ್ಸ್ ಮತ್ತು ತಂತಿಯಲ್ಲಿ ನಿಜವಾಗಿ ಇರುವ ತಾಮ್ರದ ಪ್ರಮಾಣ. ಆಂಪ್ಲಿಫೈಯರಿನ ವಾಟ್ ಸಂಖ್ಯೆ ಈ ಲೆಕ್ಕದಲ್ಲಿ ಬರುವುದೇ ಇಲ್ಲ.

## ತಂತಿಯ ರೋಧ

ತಾಮ್ರವು ಉತ್ತಮ ವಾಹಕವಾದರೂ ಅದಕ್ಕೆ ಸ್ವಲ್ಪ ರೋಧವಿದ್ದೇ ಇದೆ. 1 ಚದರ ಮಿಲಿಮೀಟರ್ ಅಡ್ಡಕೊಯ್ತವುಳ್ಳ, ಅನೇಕ ಎಳೆಗಳನ್ನು ಹೊಸೆದು ಮಾಡಿದ ತಾಮ್ರದ ತಂತಿಗೆ ಪ್ರತಿ ಮೀಟರಿಗೆ ಸುಮಾರು 0.02 ಓಮ್ ರೋಧವಿರುತ್ತದೆ. ಅಡ್ಡಕೊಯ್ತ ಹೆಚ್ಚಿದಂತೆ ರೋಧ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. 2.5 ಚದರ ಮಿಲಿಮೀಟರಿನ ತಂತಿಗೆ ಮೀಟರಿಗೆ 0.008 ಓಮ್, 4 ಚದರ ಮಿಲಿಮೀಟರಿನದಕ್ಕೆ 0.005 ಓಮ್ ಎಂದು ಹಿಡಿಯಬಹುದು.

ಲೆಕ್ಕದಲ್ಲಿ ಹೆಚ್ಚಾಗಿ ತಪ್ಪುವುದು ಉದ್ದದ ವಿಷಯದಲ್ಲಿ. ವಿದ್ಯುತ್ ಪ್ರವಾಹವು ಒಂದು ತಂತಿಯಲ್ಲಿ ಸ್ಪೀಕರಿನವರೆಗೆ ಹೋಗಿ, ಜೊತೆಯ ತಂತಿಯಲ್ಲಿ ಹಿಂದಿರುಗುತ್ತದೆ. ಆದುದರಿಂದ 30 ಮೀಟರ್ ಉದ್ದದ ಜೋಡಿ ತಂತಿಯಲ್ಲಿ ಪ್ರವಾಹ ದಾಟಬೇಕಾದ ತಾಮ್ರದ ಉದ್ದ 60 ಮೀಟರ್. ಹಾದಿಯನ್ನೂ ನೇರ ಅಂತರದಿಂದ ಅಳೆಯುವಂತಿಲ್ಲ. ತಂತಿಯು ಗೋಡೆ ಹತ್ತಿ, ಸೂರಿನ ಅಂಚಿನಲ್ಲಿ ಸಾಗಿ, ಮತ್ತೆ ಇಳಿಯುವಾಗ 22 ಮೀಟರಿನ ಅಂತರವು ಸುಲಭವಾಗಿ 30 ಮೀಟರ್ ಆಗಿಬಿಡುತ್ತದೆ.

## ಐದು ಪ್ರತಿಶತದ ನಿಯಮ

ರೂಢಿಯಲ್ಲಿರುವ ನಿಯಮದಂತೆ, ಹೋಗಿ ಬರುವ ತಂತಿಗಳ ಒಟ್ಟು ರೋಧವು ಸ್ಪೀಕರಿನ ಮೇಲೆ ನಮೂದಿಸಿರುವ ಇಂಪೀಡೆನ್ಸಿನ ಶೇಕಡಾ 5ನ್ನು ಮೀರಬಾರದು. 8 ಓಮಿನ ಸ್ಪೀಕರಿಗೆ ಈ ಮಿತಿ 0.4 ಓಮ್, 4 ಓಮಿನದಕ್ಕೆ 0.2 ಓಮ್. ಈ ಮಿತಿಯೊಳಗೆ ಧ್ವನಿಯ ಮಟ್ಟದಲ್ಲಿ ಆಗುವ ಇಳಿಕೆ ಸುಮಾರು 0.4 ಡೆಸಿಬೆಲ್. ಸಾಮಾನ್ಯ ಕೇಳುಗರಿಗೆ ಅದು ಗೊತ್ತಾಗುವುದಿಲ್ಲ.

ಮೇಲಿನ ರೋಧದ ಲೆಕ್ಕವನ್ನೂ ಈ ಮಿತಿಯನ್ನೂ ಸೇರಿಸಿದರೆ ನೆನಪಿಡಲು ಸುಲಭವಾದ ಒಂದು ಸೂತ್ರ ದೊರೆಯುತ್ತದೆ.

```
A = 0.8 × L / Z
```

ಇಲ್ಲಿ A ಎಂಬುದು ಚದರ ಮಿಲಿಮೀಟರುಗಳಲ್ಲಿ ಒಂದು ತಂತಿಯ ಅಡ್ಡಕೊಯ್ತ, L ಎಂಬುದು ಮೀಟರುಗಳಲ್ಲಿ ಹಾದಿಯ ಒಂದು ಕಡೆಯ ಉದ್ದ, Z ಎಂಬುದು ಓಮುಗಳಲ್ಲಿ ಸ್ಪೀಕರಿನ ಇಂಪೀಡೆನ್ಸ್. ಹೋಗಿ ಬರುವ ಇಮ್ಮಡಿ ಉದ್ದವು 0.8 ಎಂಬ ಸಂಖ್ಯೆಯಲ್ಲೇ ಸೇರಿರುವುದರಿಂದ ಉದ್ದವನ್ನು ಮತ್ತೆ ಎರಡರಿಂದ ಗುಣಿಸಬಾರದು. ಭಾರತದ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಅಳತೆಗಳಿಗೆ ಈ ಸೂತ್ರದ ಪ್ರಕಾರ ಹಾದಿಯ ಗರಿಷ್ಠ ಉದ್ದ ಹೀಗಿದೆ:

| ಅಡ್ಡಕೊಯ್ತ (ಚದರ ಮಿ.ಮೀ.) | 8 ಓಮ್ | 4 ಓಮ್ |
|---|---|---|
| 1 | 10 ಮೀ. | 5 ಮೀ. |
| 1.5 | 15 ಮೀ. | 7.5 ಮೀ. |
| 2.5 | 25 ಮೀ. | 12.5 ಮೀ. |
| 4 | 40 ಮೀ. | 20 ಮೀ. |
| 6 | 60 ಮೀ. | 30 ಮೀ. |

ಈ ನಿಯಮವು ದಾಟಲೇಬಾರದ ಗಡಿಯಲ್ಲ. ಲೆಕ್ಕವು ಶೇಕಡಾ 6 ಎಂದು ತೋರಿಸಿದರೆ ಇಳಿಕೆ 0.5 ಡೆಸಿಬೆಲ್ ಆಗುತ್ತದೆಯೇ ಹೊರತು ಬೇರೇನೂ ಕೆಡುವುದಿಲ್ಲ. ಶೇಕಡಾ 20 ಅಥವಾ 30ರಷ್ಟಾದಾಗ ಮಾತ್ರ ತಂತಿಯು ಧ್ವನಿಯನ್ನು ಕಿವಿಗೆ ತಿಳಿಯುವಂತೆ ಬದಲಿಸತೊಡಗುತ್ತದೆ.

## ತೆಳು ತಂತಿಯಿಂದ ಕೆಡುವುದೇನು

ತೆಳು ತಂತಿಯ ಮೊದಲ ಪರಿಣಾಮ ಧ್ವನಿಯ ಇಳಿಕೆ. ಇದೊಂದೇ ಆಗಿದ್ದರೆ ಆಂಪ್ಲಿಫೈಯರಿನ ಗುಂಡಿಯನ್ನು ಸ್ವಲ್ಪ ತಿರುಗಿಸಿ ಸರಿಪಡಿಸಬಹುದಾಗಿತ್ತು. ಎರಡನೆಯ ಪರಿಣಾಮವು ಹಾಗೆ ಸರಿಯಾಗುವಂಥದಲ್ಲ.

ಸ್ಪೀಕರಿನ ಮೇಲೆ 8 ಓಮ್ ಎಂದು ಬರೆದಿದ್ದರೂ ಅದರ ಇಂಪೀಡೆನ್ಸ್ ಎಲ್ಲ ಸ್ವರಗಳಿಗೂ ಒಂದೇ ಆಗಿರುವುದಿಲ್ಲ. ಕೆಲವು ಸ್ವರಗಳಲ್ಲಿ ಅದು 6.4 ಓಮಿನವರೆಗೆ ಇಳಿಯಬಹುದು. ಸ್ಪೀಕರಿನ ಸಹಜ ಕಂಪನದ ತಗ್ಗು ಸ್ವರದ ಬಳಿ 30 ಓಮಿಗೂ ಏರಬಹುದು. ತಂತಿಯ ರೋಧವಾದರೋ ಎಲ್ಲ ಸ್ವರಗಳಿಗೂ ಹೆಚ್ಚುಕಡಿಮೆ ಒಂದೇ. ಇದರಿಂದಾಗಿ ಇಂಪೀಡೆನ್ಸ್ ಕಡಿಮೆ ಇರುವ ಸ್ವರಗಳಲ್ಲಿ ತಂತಿಯು ವೋಲ್ಟೇಜಿನ ದೊಡ್ಡ ಪಾಲನ್ನು ನುಂಗುತ್ತದೆ, ಹೆಚ್ಚು ಇರುವಲ್ಲಿ ಅಲ್ಪ ಪಾಲನ್ನು ಮಾತ್ರ ನುಂಗುತ್ತದೆ. ಪರಿಣಾಮವಾಗಿ ಸಹಜ ಕಂಪನದ ಬಳಿಯ ತಗ್ಗು ಸ್ವರಗಳು ಉಬ್ಬಿ, ಮಾತಿನ ಸ್ಪಷ್ಟತೆಗೆ ಬೇಕಾದ ಮಧ್ಯದ ಸ್ವರಗಳು ಹಿಂದೆ ಸರಿಯುತ್ತವೆ. ಇಂತಹ ಸಭಾಂಗಣದಲ್ಲಿ ಭಾಷಣವು ಗುಂಯ್ಗುಟ್ಟುವಂತೆ ಕೇಳಿಸುತ್ತದೆ. ಧ್ವನಿ ಹೆಚ್ಚಿಸಿದರೆ ಗುಂಯ್ಗುಡುವಿಕೆಯೂ ಹೆಚ್ಚುತ್ತದೆ.

ಇದೇ ಸಂಗತಿಯ ಇನ್ನೊಂದು ಮುಖವನ್ನು ಡ್ಯಾಂಪಿಂಗ್ ಎನ್ನುತ್ತಾರೆ. ಸಂಕೇತ ನಿಂತ ಮೇಲೂ ಅಲುಗಾಡಲು ಬಯಸುವ ಸ್ಪೀಕರಿನ ಕೋನನ್ನು ಆಂಪ್ಲಿಫೈಯರ್ ಹಿಡಿದು ನಿಲ್ಲಿಸುವ ಸಾಮರ್ಥ್ಯ ಅದು. ಆಂಪ್ಲಿಫೈಯರಿನ ಒಳ ರೋಧ 0.04 ಓಮ್ ಆಗಿದ್ದರೆ 8 ಓಮಿನ ಸ್ಪೀಕರಿಗೆ ಡ್ಯಾಂಪಿಂಗ್ ಅಂಶ 200 ಎನ್ನಲಾಗುತ್ತದೆ. 0.4 ಓಮಿನ ತಂತಿ ಸೇರಿದೊಡನೆ ಅದು 18ಕ್ಕೆ ಕುಸಿಯುತ್ತದೆ. ಈ ಸಂಖ್ಯೆ ಅಂಜಿಕೆ ಹುಟ್ಟಿಸುವಂತಿದ್ದರೂ ನಿಜವಾದ ಬದಲಾವಣೆ ಅಷ್ಟು ದೊಡ್ಡದಲ್ಲ. ಸ್ಪೀಕರಿನ ಸುರುಳಿಗೇ ಸುಮಾರು 6 ಓಮ್ ರೋಧವಿದ್ದು, ಅದೂ ಇದೇ ಸರಣಿಯಲ್ಲಿ ಸೇರಿರುತ್ತದೆ. ಹೀಗಾಗಿ ಒಟ್ಟು ರೋಧ 6.04 ಓಮಿನಿಂದ 6.44 ಓಮಿಗೆ, ಅಂದರೆ ಶೇಕಡಾ 7ರಷ್ಟು ಮಾತ್ರ ಏರುತ್ತದೆ. ಡ್ಯಾಂಪಿಂಗ್ ಸಂಖ್ಯೆಯನ್ನು ಮುಂದಿಟ್ಟು ಅತಿ ದಪ್ಪ ತಂತಿ ಬೇಕೆಂದು ಹೇಳುವ ವಾದದಲ್ಲಿ ಈ 6 ಓಮ್ ಮರೆತುಹೋಗಿರುತ್ತದೆ.

## ಒಂದು ಸಭಾಂಗಣದ ಲೆಕ್ಕ

ಒಂದು ಸಭಾಂಗಣದ ಹಿಂಬದಿಯ ಕೊಠಡಿಯಲ್ಲಿ ಆಂಪ್ಲಿಫೈಯರ್ ಇದೆ ಎಂದುಕೊಳ್ಳೋಣ. ವೇದಿಕೆಯ ಎಡಬದಿಯಲ್ಲಿ 8 ಓಮಿನ ಎರಡು ಸ್ಪೀಕರುಗಳಿದ್ದು, ಒಂದೇ ಜೋಡಿ ತಂತಿಯಿಂದ ಸಮಾಂತರವಾಗಿ ಜೋಡಿಸಲ್ಪಟ್ಟಿವೆ. ತಂತಿಯ ಹಾದಿ 30 ಮೀಟರ್. ಎಳೆದಿರುವುದು 1 ಚದರ ಮಿಲಿಮೀಟರಿನ ತಂತಿ.

ಸಮಾಂತರ ಜೋಡಣೆಯಲ್ಲಿ ಎರಡು 8 ಓಮುಗಳು ಸೇರಿ 4 ಓಮ್ ಆಗುತ್ತವೆ. ತಂತಿಯ ರೋಧ 60 × 0.02, ಅಂದರೆ 1.2 ಓಮ್. ಇದು ಸ್ಪೀಕರುಗಳ ಇಂಪೀಡೆನ್ಸಿನ ಶೇಕಡಾ 30. ಆಂಪ್ಲಿಫೈಯರ್ 40 ವೋಲ್ಟ್ ಕೊಡುವ ಕ್ಷಣವನ್ನು ಪರಿಗಣಿಸಿದರೆ, ತಂತಿಯೇ ಇಲ್ಲದಿದ್ದಲ್ಲಿ ಸ್ಪೀಕರುಗಳಿಗೆ 400 ವಾಟ್ ದೊರೆಯುತ್ತಿತ್ತು. ಈ ತಂತಿಯ ಮೂಲಕ ಪ್ರವಾಹ 40 ÷ 5.2, ಅಂದರೆ 7.7 ಆಂಪಿಯರ್ ಮಾತ್ರ. ಸ್ಪೀಕರುಗಳಿಗೆ ತಲುಪುವುದು ಸುಮಾರು 237 ವಾಟ್. ತಂತಿಯಲ್ಲಿ ಶಾಖವಾಗಿ ಹೋಗುವುದು 71 ವಾಟ್. ಉಳಿದಷ್ಟನ್ನು ಆಂಪ್ಲಿಫೈಯರ್ ಕೊಡುವುದೇ ಇಲ್ಲ. ಧ್ವನಿಯ ಇಳಿಕೆ 2.3 ಡೆಸಿಬೆಲ್.

ಸ್ವರಗಳ ನಡುವಿನ ಏರುಪೇರು ಇದಕ್ಕಿಂತ ಮುಖ್ಯ. ಎರಡು ಸ್ಪೀಕರುಗಳ ಕೂಡು ಇಂಪೀಡೆನ್ಸ್ 3.2 ಓಮಿಗೆ ಇಳಿಯುವ ಸ್ವರದಲ್ಲಿ ಇಳಿಕೆ 2.8 ಡೆಸಿಬೆಲ್. ಅದು 15 ಓಮಿಗೆ ಏರುವ ತಗ್ಗು ಸ್ವರದಲ್ಲಿ ಇಳಿಕೆ 0.7 ಡೆಸಿಬೆಲ್ ಮಾತ್ರ. ಅಂದರೆ ಕೇವಲ ತಂತಿಯಿಂದಾಗಿಯೇ ತಗ್ಗು ಸ್ವರವು ಉಳಿದವಕ್ಕಿಂತ ಸುಮಾರು 2 ಡೆಸಿಬೆಲ್ ಮುಂದೆ ಬರುತ್ತದೆ. ಇದು ಕಿವಿಗೆ ತಿಳಿಯುವ ವ್ಯತ್ಯಾಸ.

ಇಷ್ಟಾದರೂ ತಂತಿಯನ್ನು ಮುಟ್ಟಿ ನೋಡಿದವರಿಗೆ ದೋಷ ಗೊತ್ತಾಗುವುದಿಲ್ಲ. 71 ವಾಟ್ ಶಾಖವು 60 ಮೀಟರ್ ತಾಮ್ರದಲ್ಲಿ ಹಂಚಿಹೋಗುವುದರಿಂದ ಪ್ರತಿ ಮೀಟರಿಗೆ ಬರುವುದು ಒಂದು ವಾಟಿಗಿಂತ ತುಸು ಹೆಚ್ಚು. ಅದೂ ಗರಿಷ್ಠ ಧ್ವನಿಯ ಕ್ಷಣಗಳಲ್ಲಿ ಮಾತ್ರ. ಮಾತು ಮತ್ತು ಸಂಗೀತದ ಸರಾಸರಿ ಶಕ್ತಿ ಇದಕ್ಕಿಂತ ಬಹಳ ಕಡಿಮೆ. ಮನೆಯ ವಿದ್ಯುತ್ ಜೋಡಣೆಯಲ್ಲಿ ತಂತಿಯ ದಪ್ಪವನ್ನು ಮುಖ್ಯವಾಗಿ ಬಿಸಿಯಾಗದಿರುವಂತೆ ಆರಿಸಲಾಗುತ್ತದೆ. ಅದೇ ಅಳತೆಗೋಲನ್ನು ಸ್ಪೀಕರ್ ತಂತಿಗೂ ಬಳಸಿದಾಗ ಈ ತಪ್ಪು ಸಂಭವಿಸುತ್ತದೆ.

ಸೂತ್ರದ ಪ್ರಕಾರ ಬೇಕಾದ ಅಡ್ಡಕೊಯ್ತ 0.8 × 30 ÷ 4, ಅಂದರೆ 6 ಚದರ ಮಿಲಿಮೀಟರ್. ಆಗ ತಂತಿಯ ರೋಧ 0.2 ಓಮಿಗೆ ಇಳಿದು, ಸ್ಪೀಕರುಗಳಿಗೆ 363 ವಾಟ್ ತಲುಪುತ್ತದೆ. ಸ್ವರಗಳ ನಡುವಿನ ಏರುಪೇರು 0.4 ಡೆಸಿಬೆಲಿಗೆ ಕುಗ್ಗುತ್ತದೆ.

6 ಚದರ ಮಿಲಿಮೀಟರಿನ ತಂತಿ ಬಿರುಸಾಗಿದ್ದು, ಸ್ಪೀಕರಿನ ಹಿಂಬದಿಯ ಸ್ಪ್ರಿಂಗ್ ಕ್ಲಿಪ್ಪುಗಳಲ್ಲಿ ಹಿಡಿಸುವುದಿಲ್ಲ. ಆದುದರಿಂದ ಪ್ರತಿ ಸ್ಪೀಕರಿಗೂ ಬೇರೆ ಬೇರೆ ತಂತಿ ಎಳೆಯುವುದು ಇನ್ನೊಂದು ದಾರಿ. ಆಗ ಪ್ರತಿ ತಂತಿಯ ಭಾರ 8 ಓಮ್, ಬೇಕಾದ ಅಡ್ಡಕೊಯ್ತ 3 ಚದರ ಮಿಲಿಮೀಟರ್. ಆ ಅಳತೆ ಸಾಮಾನ್ಯವಾಗಿ ಸಿಗದಿರುವುದರಿಂದ 4 ಅಥವಾ 2.5 ಅನ್ನು ಆರಿಸಬೇಕಾಗುತ್ತದೆ. 2.5 ಆರಿಸಿದರೆ ರೋಧ 0.48 ಓಮ್, ಅಂದರೆ ಶೇಕಡಾ 6. ಈ ಸಭಾಂಗಣಕ್ಕೆ ಅಷ್ಟೇ ಸಾಕು. ಬೇರೆ ಬೇರೆ ತಂತಿಗಳಿಂದ ತಾಮ್ರದ ಉಳಿತಾಯವೇನೂ ಆಗುವುದಿಲ್ಲ, ಏಕೆಂದರೆ ಮೂರು ಮತ್ತು ಮೂರು ಸೇರಿ ಆರೇ ಆಗುತ್ತದೆ. ಆದರೆ ಕೈಗೆ ಸುಲಭವಾದ ತಂತಿ ಸಾಕಾಗುತ್ತದೆ, ಮತ್ತು ಒಂದು ತಂತಿ ಕಡಿದರೂ ಇನ್ನೊಂದು ಸ್ಪೀಕರ್ ನುಡಿಯುತ್ತಿರುತ್ತದೆ.

## ಅಂಗಡಿಯಲ್ಲಿನ ಅಳತೆಗಳು

ಲೆಕ್ಕ ಸರಿಯಾಗಿದ್ದರೂ ಕೊಳ್ಳುವಾಗ ಎಡವಲು ಅವಕಾಶವಿದೆ. ಅಂಗಡಿಗಳಲ್ಲಿ ಅಳತೆಯನ್ನು ಹೇಳುವ ಪದ್ಧತಿ ಒಂದೇ ತೆರನಾಗಿಲ್ಲ. ವಿದ್ಯುತ್ ಸಾಮಗ್ರಿಗಳ ಅಂಗಡಿಯಲ್ಲಿ ಚದರ ಮಿಲಿಮೀಟರ್ ಲೆಕ್ಕವಿದ್ದರೆ, ಧ್ವನಿ ಸಲಕರಣೆಗಳ ಅಂಗಡಿಯಲ್ಲಿ 23/36, 40/36 ಎಂಬಂತಹ ಹೆಸರುಗಳು ಕೇಳಿಬರುತ್ತವೆ. ಇಲ್ಲಿ ಮೊದಲನೆಯದು ಎಳೆಗಳ ಸಂಖ್ಯೆ, ಎರಡನೆಯದು ಬ್ರಿಟಿಷ್ ಗೇಜ್ ಪದ್ಧತಿಯಲ್ಲಿ ಒಂದು ಎಳೆಯ ದಪ್ಪ. 36 ಗೇಜಿನ ಎಳೆಯ ವ್ಯಾಸ ಸುಮಾರು 0.19 ಮಿಲಿಮೀಟರ್. ಹೀಗೆ ಲೆಕ್ಕ ಹಾಕಿದರೆ 23/36 ತಂತಿಯಲ್ಲಿ ಸುಮಾರು 0.67, 40/36 ತಂತಿಯಲ್ಲಿ ಸುಮಾರು 1.17 ಚದರ ಮಿಲಿಮೀಟರ್ ತಾಮ್ರವಿರುತ್ತದೆ. ನಲವತ್ತು ಎಳೆಗಳು ಎಂಬ ಮಾತು ದೊಡ್ಡದಾಗಿ ಕೇಳಿಸಿದರೂ 8 ಓಮಿನ ಸ್ಪೀಕರಿಗೆ ಅದರ ಮಿತಿ ಸುಮಾರು 12 ಮೀಟರ್.

ವಿದೇಶಿ ಕೈಪಿಡಿಗಳಲ್ಲಿ ಬರುವುದು ಅಮೆರಿಕದ ಗೇಜ್. ಎರಡೂ ಪದ್ಧತಿಗಳಲ್ಲಿ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳುವಾಗುತ್ತದೆಯಾದರೂ ಅವೆರಡೂ ಒಂದೇ ಅಲ್ಲ. 16 ಗೇಜ್ ಎಂದರೆ ಬ್ರಿಟಿಷ್ ಪದ್ಧತಿಯಲ್ಲಿ 2.08 ಚದರ ಮಿಲಿಮೀಟರ್, ಅಮೆರಿಕದ ಪದ್ಧತಿಯಲ್ಲಿ 1.31. ಆದುದರಿಂದ ಕೊಳ್ಳುವಾಗ ಎಲ್ಲವನ್ನೂ ಚದರ ಮಿಲಿಮೀಟರಿಗೆ ಪರಿವರ್ತಿಸಿಕೊಳ್ಳುವುದು ಸುರಕ್ಷಿತ.

ಇನ್ನೊಂದು ತೊಡಕು ತಾಮ್ರದ ಲೇಪವುಳ್ಳ ಅಲ್ಯೂಮಿನಿಯಂ ತಂತಿ. ಇದನ್ನು ಸಿಸಿಎ ಎಂದು ಗುರುತಿಸುತ್ತಾರೆ. ಹೊರಗಿನಿಂದ ತಾಮ್ರದಂತೆಯೇ ಕಾಣುವ ಇದರ ರೋಧ ಅಷ್ಟೇ ದಪ್ಪದ ತಾಮ್ರದ ತಂತಿಯ ಸುಮಾರು ಒಂದೂವರೆ ಪಟ್ಟು. ಒಂದು ಎಳೆಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರವಲ್ಲ ಎಂದು ಅನುಮಾನಿಸಬೇಕು. ತವರದ ಲೇಪವುಳ್ಳ ತಾಮ್ರದ ಎಳೆಯೂ ಬೆಳ್ಳಗೇ ಇರುತ್ತದೆ, ಆದರೆ ಕೆರೆದಾಗ ಒಳಗೆ ಕೆಂಪು ಬಣ್ಣ ಕಾಣುತ್ತದೆ. ಉದ್ದದ ಸುರುಳಿಯ ತೂಕವೂ ಸುಳಿವು ಕೊಡುತ್ತದೆ, ಏಕೆಂದರೆ ಅಲ್ಯೂಮಿನಿಯಂ ತಂತಿ ಗಾತ್ರಕ್ಕೆ ಹೋಲಿಸಿದರೆ ಬಹಳ ಹಗುರ. ಇಂತಹ ತಂತಿಯನ್ನೇ ಬಳಸುವುದಾದರೆ ಸೂತ್ರದಿಂದ ಬಂದ ಅಡ್ಡಕೊಯ್ತವನ್ನು ಒಂದೂವರೆ ಪಟ್ಟು ಮಾಡಬೇಕು.

## ಜೋಡಣೆ ಮತ್ತು ಪರೀಕ್ಷೆ

ಜೋಡಿಯ ಎರಡು ತಂತಿಗಳು ಉದ್ದಕ್ಕೂ ಒಂದಕ್ಕೊಂದು ಅಂಟಿಕೊಂಡಿರಬೇಕು ಅಥವಾ ಹೊಸೆದುಕೊಂಡಿರಬೇಕು. ಉದ್ದದ ತಂತಿಗೆ ರೋಧದ ಜೊತೆಗೆ ಇಂಡಕ್ಟೆನ್ಸ್ ಎಂಬ ಗುಣವೂ ಇದ್ದು, ಅದು ಅತಿ ಮೇಲಿನ ಸ್ವರಗಳನ್ನು ತಡೆಯುತ್ತದೆ. ಎರಡು ತಂತಿಗಳ ನಡುವಿನ ಅಂತರ ಹೆಚ್ಚಿದಂತೆ ಈ ತಡೆಯೂ ಹೆಚ್ಚುತ್ತದೆ. ತಂತಿಯನ್ನು ದಪ್ಪ ಮಾಡುವುದರಿಂದ ಅದು ಹೇಳಿಕೊಳ್ಳುವಷ್ಟು ಕಡಿಮೆಯಾಗುವುದಿಲ್ಲ. ಮನೆಯ ಜೋಡಣೆಗೆ ಬಳಸುವ ಒಂಟಿ ತಂತಿಗಳನ್ನು ಕೊಂಡು ಒಂದೊಂದನ್ನೂ ಬೇರೆ ಬೇರೆ ಕೊಳವೆಗಳಲ್ಲಿ ಎಳೆಯುವುದು ಈ ಕಾರಣಕ್ಕೆ ಸಲ್ಲದು. ಸ್ಪೀಕರ್ ತಂತಿಯನ್ನು ಮನೆಯ 230 ವೋಲ್ಟಿನ ತಂತಿಗಳಿರುವ ಕೊಳವೆಯಲ್ಲಿಯೂ ಹಾಕಬಾರದು.

ಕ್ಲಿಪ್ಪಿನಲ್ಲಿ ಹಿಡಿಸದ ದಪ್ಪ ತಂತಿಯ ಕೆಲವು ಎಳೆಗಳನ್ನು ಕತ್ತರಿಸಿಹಾಕುವ ರೂಢಿ ಉಂಟು. ಅದರ ಬದಲು ತುದಿಯಲ್ಲಿ ಅರ್ಧ ಮೀಟರಿನಷ್ಟು 2.5 ಚದರ ಮಿಲಿಮೀಟರಿನ ತಂತಿಯನ್ನು ಭದ್ರವಾದ ಕನೆಕ್ಟರಿನಿಂದ ಸೇರಿಸುವುದು ಮೇಲು. ಇದರಿಂದ ಹೆಚ್ಚುವ ರೋಧ 0.008 ಓಮ್ ಮಾತ್ರ. ಕೈಯಲ್ಲಿ ಹೊಸೆದು ಟೇಪು ಸುತ್ತಿದ ಜೋಡಣೆ ಕಾಲಕ್ರಮದಲ್ಲಿ ಸಡಿಲವಾಗಿ, ಕಿಲುಬು ಹಿಡಿದು, ಇಡೀ ತಂತಿಗಿಂತ ಹೆಚ್ಚಿನ ರೋಧವನ್ನು ತಾನೇ ಒಡ್ಡಬಲ್ಲದು. ತುದಿಯಲ್ಲಿ ಬಿಡಿ ಎಳೆಯೊಂದು ಪಕ್ಕದ ತುದಿಗೆ ತಾಗಿದರೆ ಆಂಪ್ಲಿಫೈಯರಿಗೇ ಹಾನಿಯಾಗಬಹುದು.

ಅಳವಡಿಸಿದ ತಂತಿ ಸರಿಯಾಗಿದೆಯೇ ಎಂದು ಸಾಮಾನ್ಯ ಮಲ್ಟಿಮೀಟರಿನ ಓಮ್ ವಿಭಾಗದಲ್ಲಿ ನೋಡುವುದು ಕಷ್ಟ. ಅಳೆಯಬೇಕಾದ ರೋಧ ಅರ್ಧ ಓಮಿಗಿಂತ ಕಡಿಮೆ, ಮೀಟರಿನ ಕಡ್ಡಿಗಳ ರೋಧವೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಅದಕ್ಕಿಂತ ನಂಬಿಕಾರ್ಹವಾದ ಕ್ರಮ ವೋಲ್ಟೇಜನ್ನು ಅಳೆಯುವುದು. ಆಂಪ್ಲಿಫೈಯರಿನಿಂದ 200 ಅಥವಾ 300 ಹರ್ಟ್ಸಿನ ಒಂದೇ ಸಮನಾದ ಸ್ವರವನ್ನು ಮಿತವಾದ ಮಟ್ಟದಲ್ಲಿ ನುಡಿಸಬೇಕು. ಮೀಟರನ್ನು ಏಸಿ ವೋಲ್ಟಿನಲ್ಲಿಟ್ಟು ಮೊದಲು ಆಂಪ್ಲಿಫೈಯರಿನ ತುದಿಗಳಲ್ಲಿ, ಅನಂತರ ಸ್ಪೀಕರಿನ ತುದಿಗಳಲ್ಲಿ ಓದಬೇಕು. ಆಂಪ್ಲಿಫೈಯರಿನ ಬಳಿ 5 ವೋಲ್ಟ್ ಇದ್ದು ಸ್ಪೀಕರಿನ ಬಳಿ 4.75 ವೋಲ್ಟಿನ ಸುತ್ತಮುತ್ತ ಇದ್ದರೆ ತಂತಿ ನಿಯಮದೊಳಗಿದೆ. 4 ವೋಲ್ಟ್ ಇದ್ದರೆ ತಂತಿ ತೆಳುವಾಗಿದೆ, ಅದು ತಾಮ್ರವಲ್ಲ, ಇಲ್ಲವೇ ನಡುವೆ ಎಲ್ಲೋ ಜೋಡಣೆ ಕೆಟ್ಟಿದೆ. ಒಂದೇ ದಪ್ಪ ಮತ್ತು ಉದ್ದದ ತಂತಿಗಳಿರುವ ಎಡ ಬಲ ಬದಿಗಳಲ್ಲಿ ಒಂದೇ ಬಗೆಯ ಸ್ಪೀಕರುಗಳಿದ್ದರೂ ಈ ಅಂತರ ಬೇರೆ ಬೇರೆಯಾಗಿ ಬಂದರೆ ದೋಷ ಜೋಡಣೆಯಲ್ಲಿಯೇ ಇರುವ ಸಂಭವ ಹೆಚ್ಚು.

## ದಪ್ಪ ಮಾಡುವುದರ ಮಿತಿ

ಹಾದಿ 60 ಮೀಟರನ್ನು ದಾಟಿದಾಗ 4 ಓಮಿನ ಭಾರಕ್ಕೆ 12 ಚದರ ಮಿಲಿಮೀಟರಿಗಿಂತ ಹೆಚ್ಚಿನ ತಾಮ್ರ ಬೇಕಾಗುತ್ತದೆ. ಅಂತಹ ಕಡೆ ತಂತಿಯನ್ನು ದಪ್ಪ ಮಾಡುವುದಕ್ಕಿಂತ ವ್ಯವಸ್ಥೆಯನ್ನೇ ಬದಲಿಸುವುದು ಲೇಸು. ಸಂಗೀತ ಕಾರ್ಯಕ್ರಮಗಳಿಗೆ ಆಂಪ್ಲಿಫೈಯರನ್ನು ಸ್ಪೀಕರುಗಳ ಬಳಿಗೇ ಒಯ್ದು, ಹಿಂಬದಿಯ ಕೊಠಡಿಯಿಂದ ಮೈಕ್ ತಂತಿಯಂತಹ ಸಮತೋಲಿತ ಸಂಕೇತ ತಂತಿಯನ್ನು ಎಳೆಯಲಾಗುತ್ತದೆ. ಆ ತಂತಿಯಲ್ಲಿ ಹರಿಯುವ ಪ್ರವಾಹ ಅತ್ಯಲ್ಪವಾದುದರಿಂದ ಅದರ ರೋಧ ಲೆಕ್ಕಕ್ಕೆ ಬರುವುದಿಲ್ಲ.

ಪ್ರಕಟಣೆ ಮತ್ತು ಭಾಷಣಗಳಿಗೆ ಹಲವು ಸ್ಪೀಕರುಗಳನ್ನು ದೂರ ದೂರ ಇಡಬೇಕಾದಲ್ಲಿ 100 ವೋಲ್ಟ್ ಲೈನ್ ಪದ್ಧತಿ ಬಳಕೆಯಲ್ಲಿದೆ. ಆಂಪ್ಲಿಫೈಯರಿನಲ್ಲಿ ವೋಲ್ಟೇಜನ್ನು ಏರಿಸಿ, ಪ್ರತಿ ಸ್ಪೀಕರಿನ ಬಳಿ ಚಿಕ್ಕ ಟ್ರಾನ್ಸ್‌ಫಾರ್ಮರಿನಿಂದ ಇಳಿಸುವುದು ಇದರ ಕ್ರಮ. ಒಟ್ಟು 100 ವಾಟಿನ ಸ್ಪೀಕರುಗಳು ಈ ಲೈನಿಗೆ 100 ಓಮಿನ ಭಾರವಾಗಿ ತೋರುತ್ತವೆ. ಮೇಲಿನ ಸಭಾಂಗಣದಲ್ಲಿ ಶೇಕಡಾ 30ರಷ್ಟಾಗಿದ್ದ ಅದೇ 1.2 ಓಮಿನ ತಂತಿ ಇಲ್ಲಿ ಶೇಕಡಾ 1.2 ಮಾತ್ರ ಆಗುತ್ತದೆ. ಈ ಪದ್ಧತಿಯಲ್ಲಿ ತೆಳು ತಂತಿ ತಪ್ಪಲ್ಲ. ಆದರೆ ಟ್ರಾನ್ಸ್‌ಫಾರ್ಮರ್ ಇಲ್ಲದ 8 ಓಮಿನ ಸ್ಪೀಕರನ್ನು ನೇರವಾಗಿ ಈ ಲೈನಿಗೆ ಜೋಡಿಸಿದರೆ ಸ್ಪೀಕರ್ ಮತ್ತು ಆಂಪ್ಲಿಫೈಯರ್ ಎರಡಕ್ಕೂ ಅಪಾಯ.

ದಪ್ಪ ಸಾಕಾದ ಮೇಲೆ ದುಬಾರಿ ತಂತಿಯಿಂದ ಹೆಚ್ಚಿನ ಲಾಭವಿದೆಯೇ ಎಂಬ ಚರ್ಚೆ 1970ರ ದಶಕದ ಕೊನೆಯಿಂದ ನಡೆದುಬಂದಿದೆ. ಅಮೆರಿಕದ *ಸ್ಟೀರಿಯೋ ರಿವ್ಯೂ* ಪತ್ರಿಕೆಗಾಗಿ ಲಾರೆನ್ಸ್ ಗ್ರೀನ್‌ಹಿಲ್ 1983ರಲ್ಲಿ ನಡೆಸಿದ ಆಲಿಸುವ ಪರೀಕ್ಷೆಯಲ್ಲಿ 24 ಗೇಜಿನ ತೆಳು ತಂತಿಯನ್ನೂ 16 ಗೇಜಿನ ಸಾಮಾನ್ಯ ತಂತಿಯನ್ನೂ ದುಬಾರಿ ತಂತಿಯೊಂದಿಗೆ ಹೋಲಿಸಲಾಯಿತು. ಒಂದೇ ಸಮನಾದ ಪರೀಕ್ಷಾ ಸದ್ದನ್ನು ಕೇಳಿಸಿದಾಗ ತೆಳು ತಂತಿಯಿಂದಾದ ಬದಲಾವಣೆಯನ್ನು ಕೇಳುಗರು ಗುರುತಿಸಿದರು. ಧ್ವನಿಯ ಮಟ್ಟವನ್ನು ಸರಿಹೊಂದಿಸಿ ಸಂಗೀತವನ್ನು ಕೇಳಿಸಿದಾಗ ಸಾಮಾನ್ಯ ತಂತಿಗೂ ದುಬಾರಿ ತಂತಿಗೂ ನಡುವೆ ನಂಬಲರ್ಹವಾದ ವ್ಯತ್ಯಾಸವನ್ನು ಗುರುತಿಸಲಾಗಲಿಲ್ಲ. ತಂತಿಯ ರೋಧದ ಲೆಕ್ಕವೂ ಇದನ್ನೇ ಸೂಚಿಸುತ್ತದೆ.